ಕೆಂಪು ಶಾಯಿಯ ಒಂದು ಸಾಲು

ಆಸ್ಪತ್ರೆಯ ಕಡತದಲ್ಲಿ ಬರೆಯಲು ಬಹಳ ಸುಲಭವಾದ, ಅಳಿಸಲು ಬಹಳ ಕಷ್ಟವಾದ ಸಾಲೊಂದಿದೆ: ‘ಪೆನಿಸಿಲಿನ್ ಅಲರ್ಜಿ’. ಅದನ್ನು ಬರೆಯಲು ಪರೀಕ್ಷೆಯ ವರದಿ ಬೇಕಿಲ್ಲ, ಹಿರಿಯ ವೈದ್ಯರ ಸಹಿಯೂ ಬೇಕಿಲ್ಲ. ತಾಯಿಯೊಬ್ಬಳು “ಚಿಕ್ಕವನಿದ್ದಾಗ ಏನೋ ಆಗಿತ್ತಂತೆ” ಎಂದರೂ ಸಾಕು. ಒಮ್ಮೆ ಕೆಂಪು ಶಾಯಿಯಲ್ಲಿ ಮೂಡಿದ ಮೇಲೆ ಅದು ಹಳೆಯ ಚೀಟಿಯಿಂದ ಹೊಸ ಚೀಟಿಗೆ, ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ನಕಲಾಗುತ್ತ ಹೋಗುತ್ತದೆ. ಅಂದು ನಿಜವಾಗಿ ಏನಾಯಿತು ಎಂದು ಕೇಳುವವರು ಸಿಗುವುದಿಲ್ಲ. ಇಪ್ಪತ್ತು ವರ್ಷ ಕಳೆಯುವ ಹೊತ್ತಿಗೆ ಅದನ್ನು ಬರೆದವರು ಯಾರು, ಯಾಕೆ ಬರೆದರು ಎಂಬುದು ಮರೆತುಹೋಗಿ, ಸಾಲೊಂದೇ ಉಳಿದಿರುತ್ತದೆ. ಇದನ್ನು ಸಣ್ಣ ವಿಷಯವೆಂದು ಎಣಿಸಿ ಕೈತೊಳೆದುಕೊಳ್ಳುವವರಿಗೆ, ಹಾಗೆ ಬಿಟ್ಟರೆ ಮುಂದೆ ಏನೇನು ಆಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿದೆ.

ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಇವಳು ಯಾವುದೇ ಒಂದು ಊರಿನವಳಲ್ಲ. ಆದರೆ ಹೃದ್ರೋಗದ ಹೊರರೋಗಿ ವಿಭಾಗದಲ್ಲಿ ಕೆಲವು ವರ್ಷ ಕುಳಿತ ಯಾವ ವೈದ್ಯರಿಗೂ ಇವಳು ಅಪರಿಚಿತಳಲ್ಲ. ಗಂಟಲು ನೋವು ಬಂದು ಹೋದ ಎರಡು ಮೂರು ವಾರಕ್ಕೆ ಜ್ವರ ಕಾಣಿಸಿತು. ಮೊದಲು ಮೊಣಕಾಲು ಊದಿ ನೋಯಿತು. ಅದು ಇಳಿಯುವಷ್ಟರಲ್ಲಿ ನೋವು ಪಾದದ ಕೀಲಿಗೆ ಹೋಯಿತು, ಆಮೇಲೆ ಮೊಣಕೈಗೆ. ಇದು ರುಮ್ಯಾಟಿಕ್ ಜ್ವರ. ಗಂಟಲಿಗೆ ಬಂದ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ವಿರುದ್ಧ ದೇಹ ಎಬ್ಬಿಸಿದ ರಕ್ಷಣೆ ಗುರಿ ತಪ್ಪಿ ತನ್ನದೇ ಕೀಲುಗಳನ್ನೂ ಹೃದಯದ ಕವಾಟಗಳನ್ನೂ ಘಾಸಿ ಮಾಡುವ ಕಾಯಿಲೆ. ಕೀಲುಗಳು ಪೂರ್ತಿ ಗುಣವಾಗುತ್ತವೆ, ಕವಾಟಗಳು ಹಾಗಲ್ಲ. ಮತ್ತೊಮ್ಮೆ ಗಂಟಲು ಸೋಂಕು ತಗುಲಿ ಜ್ವರ ಮರುಕಳಿಸಿದರೆ ಕವಾಟ ಇನ್ನಷ್ಟು ಕೆಡುತ್ತದೆ. ಅದನ್ನು ತಡೆಯಲು ಇರುವ ಅತ್ಯುತ್ತಮ ಉಪಾಯ, ಮೂರು ವಾರಕ್ಕೊಮ್ಮೆ ಸೊಂಟಕ್ಕೆ ಕೊಡುವ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್. ನಮ್ಮಲ್ಲಿ ಅನೇಕರು ಪೆನಿಡ್ಯೂರ್ ಎಂದೇ ಕರೆಯುವಂಥದು. ಈ ಹುಡುಗಿಯ ತೂಕಕ್ಕೆ 12 ಲಕ್ಷ ಯೂನಿಟ್. ಕವಾಟಕ್ಕೆ ಪೆಟ್ಟಾಗಿದ್ದರೆ ಹತ್ತು ವರ್ಷಕ್ಕೂ ಹೆಚ್ಚು ಕಾಲ, ಕೆಲವರಿಗೆ ನಲವತ್ತರ ವಯಸ್ಸಿನವರೆಗೂ ಇದು ನಡೆಯಬೇಕು.

ಮೊದಲ ಇಂಜೆಕ್ಷನ್ ಸುಸೂತ್ರವಾಗಿ ಆಯಿತು. ಎರಡನೆಯದಕ್ಕೆ ಅಪ್ಪನ ಜೊತೆ ಬೆಳಗಿನ ಬಸ್ಸು ಹಿಡಿದು, ಏನೂ ತಿನ್ನದೆ ಬಂದಳು. ಸರದಿಯಲ್ಲಿ ಬಹಳ ಹೊತ್ತು ನಿಂತಳು. ಹಿಂದಿನ ಸಲ ಎಷ್ಟು ನೋವಾಗಿತ್ತೆಂಬುದು ಮರೆತಿರಲಿಲ್ಲ. ಬೆಂಜಥೀನ್ ಪೆನಿಸಿಲಿನ್ ದಪ್ಪನೆಯ ಬಿಳಿ ದ್ರವ. ದಪ್ಪ ಸೂಜಿಯಲ್ಲಿ ನಿಧಾನವಾಗಿ ಒಳಹೋಗುವಾಗ ದೊಡ್ಡವರೂ ಹಲ್ಲು ಕಚ್ಚುತ್ತಾರೆ. ಸೂಜಿ ತೆಗೆದು ಹತ್ತಿ ಒತ್ತುವಷ್ಟರಲ್ಲಿ ಹುಡುಗಿಯ ಮುಖ ಬಿಳಿಚಿಕೊಂಡಿತು, ಹಣೆಯಲ್ಲಿ ತಣ್ಣನೆಯ ಬೆವರು ಮೂಡಿತು, ಕಣ್ಣು ಕತ್ತಲಿಟ್ಟು ಕುಸಿದಳು. ಗಾಬರಿಬಿದ್ದ ಸಿಬ್ಬಂದಿ ಅವಳನ್ನು ಮಂಚದ ಮೇಲೆ ಮಲಗಿಸಿ ಏವಿಲ್ ಕೊಟ್ಟರು, ಡೆಕ್ಸಾ ಕೊಟ್ಟರು. ಮೂರು ನಿಮಿಷದಲ್ಲಿ ಕಣ್ಣು ಬಿಟ್ಟು ನೀರು ಕೇಳಿದಳು. ಔಷಧ ಕೆಲಸ ಮಾಡಿತೆಂದು ಎಲ್ಲರೂ ನಂಬಿದರು. ಕಡತದ ಮೇಲೆ ಕೆಂಪು ಸಾಲು ಬಿತ್ತು. “ಇನ್ನು ಜನ್ಮದಲ್ಲಿ ಈ ಇಂಜೆಕ್ಷನ್ ಹಾಕಿಸಬೇಡಿ” ಎಂದು ಅಪ್ಪನಿಗೆ ಹೇಳಿ ಕಳಿಸಿದರು.

ಆ ಮೂರು ನಿಮಿಷದಲ್ಲಿ ಕೆಲವನ್ನು ನೋಡಬೇಕಿತ್ತು, ಯಾರೂ ನೋಡಲಿಲ್ಲ. ಮೊದಲನೆಯದು ನಾಡಿ. ಭಯದಿಂದಲೋ ನೋವಿನಿಂದಲೋ ಬರುವ ಮೂರ್ಛೆಯಲ್ಲಿ ಸಾಮಾನ್ಯವಾಗಿ ನಾಡಿ ನಿಧಾನವಾಗುತ್ತದೆ. ಮುಖ ಬಿಳಿಚುತ್ತದೆ, ಮೈ ತಣ್ಣಗಾಗುತ್ತದೆ, ಆದರೆ ತುರಿಕೆ ಇರುವುದಿಲ್ಲ, ಗಂದೆ ಏಳುವುದಿಲ್ಲ, ಉಸಿರಾಟದಲ್ಲಿ ಸಿಳ್ಳೆಯ ಸದ್ದು ಕೇಳುವುದಿಲ್ಲ. ಅಂಗಾತ ಮಲಗಿಸಿ ಕಾಲು ಮೇಲೆತ್ತಿದರೆ ಮೆದುಳಿಗೆ ರಕ್ತ ಹರಿದು ಎರಡು ಮೂರು ನಿಮಿಷದಲ್ಲಿ ಎಚ್ಚರವಾಗುತ್ತದೆ. ಈ ಹುಡುಗಿಗೆ ಗುಣ ಕೊಟ್ಟದ್ದು ಮಲಗಿದ್ದು. ಏವಿಲ್ ರಕ್ತದಲ್ಲಿ ಬೆರೆತು ಕೆಲಸ ಶುರುಮಾಡುವ ಮೊದಲೇ ಅವಳು ನೀರು ಕೇಳಿದ್ದಳು.

ನಿಜವಾದ ಅಲರ್ಜಿಯ ಆಘಾತಕ್ಕೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಅದು ಹೇಗೆ ಕಾಣುತ್ತದೆ ಎಂದು ಒಮ್ಮೆ ತಿಳಿದವರಿಗೆ ಈ ಎರಡರ ನಡುವೆ ಗೊಂದಲ ಕಡಿಮೆ. ಇಂಜೆಕ್ಷನ್ ಆದರೆ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ, ಗುಳಿಗೆಯಾದರೆ ಹೆಚ್ಚಾಗಿ ಒಂದು ಗಂಟೆಯೊಳಗೆ ಅದು ಶುರುವಾಗುತ್ತದೆ. ಅಂಗೈ, ಅಂಗಾಲು, ನೆತ್ತಿ ತುರಿಸುತ್ತವೆ. ಮೈ ಕೆಂಪೇರಿ ಬಿಸಿಯಾಗುತ್ತದೆ. ಪಿತ್ತಗಂದೆಯ ಹಾಗೆ ಉಬ್ಬಿದ ಗಂದೆಗಳು ಎದ್ದು, ಒಂದು ಕಡೆ ಇಳಿದು, ಇನ್ನೊಂದು ಕಡೆ ಏಳುತ್ತವೆ. ತುಟಿ, ರೆಪ್ಪೆ, ನಾಲಗೆ ಊದಬಹುದು. ದನಿ ಗೊಗ್ಗರಾಗುತ್ತದೆ, ಗಂಟಲು ಬಿಗಿದಂತಾಗುತ್ತದೆ, ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಉಸಿರು ಕೇಳುತ್ತದೆ, ಮೇಲಿಂದ ಮೇಲೆ ವಾಂತಿಯಾಗಬಹುದು. ನಾಡಿ ಬಲ ಕಳೆದುಕೊಂಡು ವೇಗವಾಗಿ ಓಡುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಮಲಗಿಸಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಇದಕ್ಕೆ ಮದ್ದು ಅಡ್ರಿನಲಿನ್: ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ಅಂದರೆ ಒಂದಕ್ಕೆ ಸಾವಿರದ ಪ್ರಮಾಣದ ಆಂಪ್ಯೂಲಿನಿಂದ ಅರ್ಧ ಮಿಲಿಲೀಟರ್, ತೊಡೆಯ ಹೊರಭಾಗದ ಸ್ನಾಯುವಿಗೆ, ತಡಮಾಡದೆ. ಏವಿಲ್, ಡೆಕ್ಸಾ ಅದಕ್ಕೆ ಬದಲಿಯಾಗವು. ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಕೆಲವರಲ್ಲಿ ಚರ್ಮದ ಮೇಲೆ ಏನೂ ಕಾಣದೆ ಆಘಾತ ಬರುತ್ತದೆ, ಅಪರೂಪಕ್ಕೆ ಅದರಲ್ಲೂ ನಾಡಿ ನಿಧಾನವಾಗಿರುತ್ತದೆ. ಅನುಮಾನ ಬಂದ ಗಳಿಗೆಯಲ್ಲಿ ವಾದಕ್ಕೆ ಕೂರದೆ ಅಡ್ರಿನಲಿನ್ ಕೊಡುವುದೇ ಸರಿ. ಏನು ನಡೆಯಿತು ಎಂಬ ವಿಚಾರಣೆ ಆಮೇಲಿನದು. ಆದರೆ ಆ ವಿಚಾರಣೆ ನಡೆಯಬೇಕು, ಅದರ ವಿವರ ಕಡತದಲ್ಲಿರಬೇಕು: ಎಷ್ಟು ನಿಮಿಷಕ್ಕೆ ಶುರುವಾಯಿತು, ನಾಡಿ ಎಷ್ಟಿತ್ತು, ಚರ್ಮದ ಮೇಲೆ ಏನಿತ್ತು, ಯಾವುದರಿಂದ ಗುಣವಾಯಿತು.

ಇನ್ನೊಂದು ಬಗೆಯ ಸಾಲು ಮಕ್ಕಳ ಕಡತಗಳಲ್ಲಿ ಬೀಳುತ್ತದೆ. ಜ್ವರವೆಂದು ಮಗುವಿಗೆ ಅಮಾಕ್ಸಿಸಿಲಿನ್ ಸಿರಪ್ ಶುರುಮಾಡುತ್ತಾರೆ. ನಾಲ್ಕನೆಯದೋ ಐದನೆಯದೋ ದಿನ ಮೈತುಂಬ ಚಪ್ಪಟೆಯಾದ ಕೆಂಪು ದದ್ದು. ಮಗು ಆಡಿಕೊಂಡೇ ಇರುತ್ತದೆ, ಉಸಿರಿಗೆ ತೊಂದರೆಯಿಲ್ಲ, ವಾರದಲ್ಲಿ ದದ್ದು ಮಾಸುತ್ತದೆ. ಇಂಥವುಗಳಲ್ಲಿ ಬಹುಪಾಲು ಔಷಧದಿಂದ ಬಂದವಲ್ಲ. ಜ್ವರ ತಂದ ವೈರಸ್ಸೇ ದದ್ದನ್ನೂ ತಂದಿರುತ್ತದೆ. ಎಪ್‌ಸ್ಟೀನ್ ಬಾರ್ ಎಂಬ ವೈರಸ್ ತಗುಲಿ ಗಂಟಲು, ಗ್ರಂಥಿಗಳು ಊದಿರುವಾಗ ಆಂಪಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಟ್ಟರೆ ದದ್ದು ಏಳುವುದು ಹಳೆಯ ವೈದ್ಯರಿಗೆಲ್ಲ ಗೊತ್ತಿದ್ದ ಸಂಗತಿ. ಆ ವೈರಸ್ ಹೋದ ಮೇಲೆ ಅದೇ ಔಷಧವನ್ನು ಅದೇ ವ್ಯಕ್ತಿ ಸಾಮಾನ್ಯವಾಗಿ ತಡೆದುಕೊಳ್ಳುತ್ತಾನೆ. ಭೇದಿ, ಹೊಟ್ಟೆ ತೊಳಸು, ತಲೆನೋವು ಇವು ಅಡ್ಡಪರಿಣಾಮಗಳು, ಅಲರ್ಜಿಯಲ್ಲ. “ನಮ್ಮ ತಾಯಿಗೆ ಆಗುತ್ತಿರಲಿಲ್ಲ, ನನಗೂ ಬೇಡ” ಎಂಬ ಮಾತಿಗೂ ಆಧಾರವಿಲ್ಲ.

ತಡವಾಗಿ ಬರುವ ಪ್ರತಿಕ್ರಿಯೆಗಳೆಲ್ಲ ಹೀಗೆ ಸೌಮ್ಯವಲ್ಲ ಎಂಬುದನ್ನು ಇದೇ ಉಸಿರಿನಲ್ಲಿ ಹೇಳಬೇಕು. ದದ್ದಿನ ಜೊತೆ ಚರ್ಮ ಉರಿದು ನೋಯುವುದು, ಬೊಕ್ಕೆ ಎದ್ದು ಸಿಪ್ಪೆಯ ಹಾಗೆ ಸುಲಿಯುವುದು, ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣಾಗುವುದು, ವಾರಗಳ ನಂತರ ಜ್ವರ ಬಂದು ಮುಖ ಊದಿ ಪಿತ್ತಜನಕಾಂಗ ಕೆಡುವುದು, ರಕ್ತಕಣಗಳು ಒಡೆಯುವುದು, ಮೂತ್ರಪಿಂಡಕ್ಕೆ ಪೆಟ್ಟಾಗುವುದು: ಇವುಗಳಲ್ಲಿ ಯಾವುದಾದರೂ ಆಗಿದ್ದರೆ ಕೆಂಪು ಸಾಲು ಹಾಗೇ ಇರಲಿ. ಅಂಥವರಿಗೆ ಮತ್ತೆ ಕೊಟ್ಟು ನೋಡುವ ಮಾತೇ ಇಲ್ಲ.

ಹಾಗಾದರೆ ಕೆಂಪು ಸಾಲು ಹೊತ್ತವರಲ್ಲಿ ನಿಜವಾದ ಅಲರ್ಜಿಯವರು ಎಷ್ಟು? ಅಮೆರಿಕದಲ್ಲಿ ಇದನ್ನು ಚೆನ್ನಾಗಿ ಲೆಕ್ಕ ಹಾಕಿದ್ದಾರೆ. ಅಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ತಮಗೆ ಪೆನಿಸಿಲಿನ್ ಅಲರ್ಜಿ ಎನ್ನುತ್ತಾರೆ. ಕ್ರಮವಾಗಿ ಪರೀಕ್ಷಿಸಿದರೆ ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಆ ಔಷಧವನ್ನು ಯಾವ ತೊಂದರೆಯೂ ಇಲ್ಲದೆ ತೆಗೆದುಕೊಳ್ಳಬಲ್ಲರು. ಒಂದು ಕಾರಣ, ಆರಂಭದಲ್ಲೇ ಅದು ಅಲರ್ಜಿಯಾಗಿರಲಿಲ್ಲ. ಇನ್ನೊಂದು ಕಾರಣ ಅನೇಕ ವೈದ್ಯರೂ ನೆನಪಿಟ್ಟುಕೊಳ್ಳದಂಥದು: ನಿಜವಾದ ಅಲರ್ಜಿಯೂ ಕಾಲಕ್ರಮದಲ್ಲಿ ಮಾಸುತ್ತದೆ. ತಕ್ಷಣದ ಅಲರ್ಜಿ ಇದ್ದವರು ಔಷಧದಿಂದ ದೂರವಿದ್ದರೆ, ಅದಕ್ಕೆ ಕಾರಣವಾದ ಪ್ರತಿಕಾಯಗಳು ರಕ್ತದಲ್ಲಿ ಕಡಿಮೆಯಾಗುತ್ತ ಹೋಗಿ, ಹತ್ತು ವರ್ಷದ ಹೊತ್ತಿಗೆ ಸುಮಾರು ನೂರಕ್ಕೆ ಎಂಬತ್ತು ಮಂದಿಯಲ್ಲಿ ಆ ಸೂಕ್ಷ್ಮತೆ ಉಳಿದಿರುವುದಿಲ್ಲ. ಕಡತದ ಸಾಲು ಮಾತ್ರ ಮಾಸುವುದಿಲ್ಲ.

ಮೂರು ವಾರದ ಇಂಜೆಕ್ಷನ್ನಿನ ಬಗ್ಗೆಯೇ ಪ್ರತ್ಯೇಕ ಲೆಕ್ಕವಿದೆ. ಹಲವು ದೇಶಗಳ ರುಮ್ಯಾಟಿಕ್ ಜ್ವರದ ರೋಗಿಗಳನ್ನು ಗಮನಿಸಿ 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 1,790 ಮಂದಿಗೆ 32,430 ಇಂಜೆಕ್ಷನ್ ಕೊಡಲಾಗಿತ್ತು. ಅಲರ್ಜಿಯ ಪ್ರತಿಕ್ರಿಯೆ ಆದದ್ದು 57 ಮಂದಿಗೆ. ಅನಾಫಿಲ್ಯಾಕ್ಸಿಸ್ ನಾಲ್ಕು, ಸಾವು ಒಂದು. ಸುಮಾರು ಎಂಟು ಸಾವಿರ ಇಂಜೆಕ್ಷನ್ನಿಗೆ ಒಂದು ಆಘಾತ. ಆ ಒಂದು ಸಾವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಎಲ್ಲೋ ಒಂದು ಕಡೆ ಇಂಜೆಕ್ಷನ್ ನಂತರ ಸಾವಾಯಿತೆಂದು ಸುದ್ದಿ ಬಂದೊಡನೆ ಸುತ್ತಲಿನ ಎಷ್ಟೋ ಕ್ಲಿನಿಕ್ಕುಗಳು ಅದನ್ನು ಕೊಡುವುದನ್ನೇ ನಿಲ್ಲಿಸಿದ್ದನ್ನು ನಾವು ಹಿಂದೆಯೂ ಕಂಡಿದ್ದೇವೆ. ನಿಂತ ಇಂಜೆಕ್ಷನ್ನಿನಿಂದ ಆದ ಸಾವುಗಳು ವರ್ಷಗಳ ನಂತರ, ಬೇರೆ ಊರಿನ ಬೇರೆ ಆಸ್ಪತ್ರೆಯಲ್ಲಿ ಆಗುತ್ತವೆ. ಅವು ಸುದ್ದಿಯಾಗುವುದಿಲ್ಲ.

ನಮ್ಮ ಹುಡುಗಿಯ ಮುಂದಿನ ದಾರಿ ಹೀಗೆ. ಇಂಜೆಕ್ಷನ್ ಬದಲು ದಿನಕ್ಕೆ ಎರಡು ಹೊತ್ತು ಎರಿತ್ರೊಮೈಸಿನ್ ಗುಳಿಗೆ ಬರೆದುಕೊಟ್ಟರು. ಕಾಗದದ ಮೇಲೆ ಅದು ಒಪ್ಪಿತ ಬದಲಿಯೇ. ಆದರೆ ಕಾಯಿಲೆಯೇ ಕಾಣದ ಮಗು, ಹೊಟ್ಟೆ ಕೆಡಿಸುವ ಗುಳಿಗೆಯನ್ನು, ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಸಲ ನುಂಗಬೇಕು. ಮೊದಲ ವರ್ಷ ಅಮ್ಮ ಕೈಗೇ ಕೊಟ್ಟಳು. ಎರಡನೆಯ ವರ್ಷ ಪರೀಕ್ಷೆಯ ದಿನಗಳಲ್ಲಿ ತಪ್ಪಿತು. ಹೈಸ್ಕೂಲಿಗೆಂದು ಹಾಸ್ಟೆಲ್ ಸೇರಿದ ಮೇಲೆ ನಿಂತೇಹೋಯಿತು, ಕೇಳುವವರು ಇರಲಿಲ್ಲ. ಮೂರು ವಾರಕ್ಕೊಮ್ಮೆ ಇಂಜೆಕ್ಷನ್ನಿಗೆ ಬರುವವಳಾಗಿದ್ದರೆ, ಒಂದು ಸಲ ತಪ್ಪಿದಾಗಲೇ ನರ್ಸಿನ ಪುಸ್ತಕದಲ್ಲಿ ಖಾಲಿ ಮನೆ ಕಾಣುತ್ತಿತ್ತು. ಗುಳಿಗೆ ತಪ್ಪಿದ್ದು ಯಾರ ಪುಸ್ತಕದಲ್ಲೂ ಕಾಣುವುದಿಲ್ಲ. ಮತ್ತೆ ಒಂದೆರಡು ಸಲ ಗಂಟಲು ನೋವು, ಸಣ್ಣ ಜ್ವರ. ಮೈಟ್ರಲ್ ಕವಾಟದ ಅಂಚುಗಳು ಸದ್ದಿಲ್ಲದೆ ದಪ್ಪಗಾಗಿ ಒಂದಕ್ಕೊಂದು ಅಂಟುತ್ತ ಬಂದವು. ಇಪ್ಪತ್ತಮೂರಕ್ಕೆ ಅವಳು ಬಸುರಿ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಕಿರಿದಾದ ಕವಾಟ ಅಷ್ಟನ್ನು ದಾಟಿಸಲಾರದೆ ರಕ್ತ ಶ್ವಾಸಕೋಶದತ್ತ ಒತ್ತುತ್ತದೆ. ಆರನೆಯ ತಿಂಗಳಲ್ಲಿ ರಾತ್ರಿ ಮಲಗಲಾರದೆ ಎದ್ದು ಕೂರುವಾಗ, ಅದು ಬಸುರಿನ ಸುಸ್ತೆಂದು ಮನೆಯವರು ಸಮಾಧಾನ ಹೇಳುತ್ತಿರುತ್ತಾರೆ.

ಈ ಇಂಜೆಕ್ಷನ್ ಎಷ್ಟು ಕಾಪಾಡುತ್ತದೆ ಎಂಬುದಕ್ಕೆ ಉಗಾಂಡದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗ ಸಾಕ್ಷಿ. ಕವಾಟದಲ್ಲಿ ಆರಂಭದ ಬದಲಾವಣೆ ಮಾತ್ರ ಕಂಡಿದ್ದ ಎಂಟುನೂರಕ್ಕೂ ಹೆಚ್ಚು ಮಕ್ಕಳಲ್ಲಿ, ಎರಡು ವರ್ಷ ಇಂಜೆಕ್ಷನ್ ಪಡೆದವರ ಪೈಕಿ ಶೇ. 0.8ರಷ್ಟು ಮಂದಿಗೆ ಕಾಯಿಲೆ ಬೆಳೆಯಿತು. ಪಡೆಯದವರಲ್ಲಿ ಶೇ. 8.2.

ಕೆಂಪು ಸಾಲಿನ ದಂಡವನ್ನು ತೆರುವವರು ಹೃದ್ರೋಗಿಗಳಷ್ಟೇ ಅಲ್ಲ. ಅಲರ್ಜಿ ಎಂದು ಬರೆಸಿಕೊಂಡವರಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಕೊಡುವ ಸರಿಯಾದ ಆಂಟಿಬಯಾಟಿಕ್ ಸಿಗುವುದಿಲ್ಲ. ಅಮೆರಿಕದ ಆಸ್ಪತ್ರೆಯೊಂದರ ದಾಖಲೆಗಳಲ್ಲಿ ಅಂಥವರ ಗಾಯ ಕೀವಾಗುವ ಸಂಭವ ಸುಮಾರು ಒಂದೂವರೆ ಪಟ್ಟು ಇತ್ತು. ಬದಲಿಗೆ ಕೊಡುವ ಔಷಧಗಳು ವಿಶಾಲ ವ್ಯಾಪ್ತಿಯವು. ಅವು ಕರುಳಿನ ಒಳ್ಳೆಯ ಜೀವಿಗಳನ್ನೂ ಕೊಂದು, ಮದ್ದಿಗೆ ಬಗ್ಗದ ರೋಗಾಣುಗಳಿಗೆ ಜಾಗ ಮಾಡಿಕೊಡುತ್ತವೆ. ಗರ್ಭಿಣಿಗೆ ಸಿಫಿಲಿಸ್ ಇದ್ದರಂತೂ ಹೊಟ್ಟೆಯಲ್ಲಿರುವ ಮಗುವನ್ನು ಕಾಪಾಡಲು ಪೆನಿಸಿಲಿನ್ ಒಂದೇ ಭರವಸೆಯ ಮದ್ದು.

ಇಷ್ಟಾದರೂ ಸಾಲನ್ನು ಯಾರೂ ಪ್ರಶ್ನಿಸದಿರಲು ಕಾರಣ ಅಜ್ಞಾನಕ್ಕಿಂತ ಹೆಚ್ಚಾಗಿ ಉದಾಸೀನ. “ಯಾಕೆ ಬೇಕು ಇಲ್ಲದ ಉಸಾಬರಿ, ಬೇರೆ ಔಷಧ ಇದೆಯಲ್ಲ” ಎನ್ನುವುದು ವೈದ್ಯರ ಮಾತು. “ಆಗಿಬರುವುದಿಲ್ಲ ಅಂದಮೇಲೆ ಮುಗಿಯಿತು” ಎನ್ನುವುದು ಮನೆಯವರ ಮಾತು. ಎರಡೂ ಎಚ್ಚರಿಕೆಯಂತೆ ಕೇಳುತ್ತವೆ. ಔಷಧ ಕೊಟ್ಟು ಕೆಟ್ಟರೆ ಕೊಟ್ಟವರ ಮೇಲೆ ಬರುತ್ತದೆ, ಕೊಡದೆ ಕೆಟ್ಟರೆ ಯಾರ ಮೇಲೂ ಬರುವುದಿಲ್ಲ. ಈ ಲೆಕ್ಕಾಚಾರದಲ್ಲಿ ರೋಗಿಯ ಪಾಲು ಎಲ್ಲಿದೆ?

ನಮ್ಮಲ್ಲಿ ‘ಟೆಸ್ಟ್ ಡೋಸ್’ ಎಂಬ ಪದ್ಧತಿಯೂ ಈ ಉದಾಸೀನಕ್ಕೆ ಆಸರೆಯಾಗಿದೆ. ಮುಂಗೈಯ ಚರ್ಮದೊಳಗೆ ಒಂದು ತೊಟ್ಟು ಬಿಟ್ಟು, ಹದಿನೈದು ಇಪ್ಪತ್ತು ನಿಮಿಷ ಕಾದು, ಕೆಂಪಾಗಿದೆಯೋ ಎಂದು ನೋಡುವುದು. ಸರಿಯಾಗಿ ಮಾಡಿದರೆ ಇದಕ್ಕೆ ಬೆಲೆಯಿದೆ. ಸಾಮಾನ್ಯ ಪೆನಿಸಿಲಿನ್ ಅನ್ನು ಮಿಲಿಲೀಟರಿಗೆ 10,000 ಯೂನಿಟ್ಟಿಗೆ ತೆಳುಮಾಡಬೇಕು. ಹತ್ತು ಲಕ್ಷ ಯೂನಿಟ್ಟಿನ ಸೀಸೆಗೆ ಹತ್ತು ಮಿಲಿಲೀಟರ್ ನೀರು ಬೆರೆಸಿದರೆ ಮಿಲಿಲೀಟರಿಗೆ ಒಂದು ಲಕ್ಷ ಯೂನಿಟ್ ಉಳಿಯುತ್ತದೆ, ಅಂದರೆ ಅದನ್ನು ಮತ್ತೆ ಹತ್ತು ಪಟ್ಟು ತೆಳುಮಾಡಬೇಕು. ಪಕ್ಕದಲ್ಲೇ ಬರೀ ಸಲೈನ್ ಚುಚ್ಚಿ ಎರಡನ್ನೂ ಹೋಲಿಸಬೇಕು. ಸಲೈನಿನ ಉಬ್ಬಿಗಿಂತ ಕನಿಷ್ಠ ಮೂರು ಮಿಲಿಮೀಟರ್ ದೊಡ್ಡದಾದ ಉಬ್ಬು, ಸುತ್ತ ಕೆಂಪು ಇದ್ದರೆ ಮಾತ್ರ ಲೆಕ್ಕಕ್ಕೆ. ತೆಳುಮಾಡದೆ ಚುಚ್ಚಿದರೆ ಯಾರ ಚರ್ಮವಾದರೂ ಉರಿಯಿಂದ ಕೆಂಪಾಗುತ್ತದೆ. ಬೆಂಜಥೀನ್ ಪೆನಿಸಿಲಿನ್ ಅನ್ನೇ ಹೀಗೆ ಚುಚ್ಚುವುದು ತಪ್ಪು. ಅವಸರದಲ್ಲಿ ನಡೆಯುವ ಇಂಥ ಟೆಸ್ಟುಗಳಿಂದಲೇ ಎಷ್ಟೋ ಹೊಸ ಕೆಂಪು ಸಾಲುಗಳು ಹುಟ್ಟುತ್ತವೆ.

ಪರಿಶೀಲನೆ ಶುರುವಾಗಬೇಕಾದದ್ದು ಸೂಜಿಯಿಂದಲ್ಲ, ಮಾತಿನಿಂದ. ಆಸ್ಟ್ರೇಲಿಯಾದ ವೈದ್ಯರು 2020ರಲ್ಲಿ ದೊಡ್ಡವರಿಗಾಗಿ ರೂಪಿಸಿದ ಪೆನ್-ಫಾಸ್ಟ್ ಎಂಬ ಅಂಕಪಟ್ಟಿಯಲ್ಲಿ ಮೂರೇ ಪ್ರಶ್ನೆಗಳಿವೆ. ಪ್ರತಿಕ್ರಿಯೆ ಆಗಿ ಐದು ವರ್ಷದೊಳಗೆಯೇ? ಹೌದಾದರೆ ಎರಡು ಅಂಕ. ಅನಾಫಿಲ್ಯಾಕ್ಸಿಸ್, ಮುಖ ತುಟಿಗಳ ಊತ ಅಥವಾ ಚರ್ಮ ಸುಲಿಯುವಂಥ ತೀವ್ರ ಪ್ರತಿಕ್ರಿಯೆಯೇ? ಎರಡು ಅಂಕ. ಚಿಕಿತ್ಸೆ ಬೇಕಾಯಿತೇ? ಒಂದು ಅಂಕ. ಒಟ್ಟು ಮೂರಕ್ಕಿಂತ ಕಡಿಮೆಯಾದರೆ ನಿಜವಾದ ಅಲರ್ಜಿ ಇರುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ. ನಮ್ಮ ಹುಡುಗಿಯನ್ನು ಹದಿನೆಂಟನೆಯ ವಯಸ್ಸಿನಲ್ಲಿ ಯಾರಾದರೂ ಕೂರಿಸಿಕೊಂಡು ಕೇಳಿದ್ದರೆ ಹೀಗಾಗುತ್ತಿತ್ತು: ಏಳು ವರ್ಷದ ಹಿಂದಿನದು, ಸೊನ್ನೆ, ಗಂದೆಯಿಲ್ಲ, ಊತವಿಲ್ಲ, ಉಸಿರಿನ ತೊಂದರೆಯಿಲ್ಲ, ಸೊನ್ನೆ, ಏವಿಲ್ ಕೊಟ್ಟಿದ್ದರು, ಒಂದು. ಒಟ್ಟು ಒಂದು ಅಂಕ. ನಡುವೆ ಯಾವಾಗಲಾದರೂ ಅಮಾಕ್ಸಿಸಿಲಿನ್ ತಿಂದಿದ್ದಳೇ ಎಂದೂ ಕೇಳಬೇಕಿತ್ತು. ಅದು ಪೆನಿಸಿಲಿನ್ನಿನದೇ ಕುಟುಂಬ ಎಂದು ತಿಳಿಯದೆ, ಔಷಧದಂಗಡಿಯಿಂದ ತಂದು ತಿಂದು ಏನೂ ಆಗದವರು ಅನೇಕರು.

ಕಡಿಮೆ ಅಂಕದವರಿಗೆ ಮುಂದಿನ ಹೆಜ್ಜೆ, ವೈದ್ಯರ ಕಣ್ಣೆದುರು ಒಂದು ಡೋಸ್ ಅಮಾಕ್ಸಿಸಿಲಿನ್ ನುಂಗಿಸುವುದು. ದೊಡ್ಡವರಿಗೆ 250 ಅಥವಾ 500 ಮಿಲಿಗ್ರಾಂ. ಅಡ್ರಿನಲಿನ್ ಕೈಗೆಟುಕುವಲ್ಲಿ ಇರಬೇಕು, ಒಂದೆರಡು ಗಂಟೆ ಕೂರಿಸಿಕೊಂಡು ನಾಡಿ, ಉಸಿರು, ಚರ್ಮ ಗಮನಿಸಬೇಕು. ಅಂಜಿಕೆ ಇದ್ದರೆ ಹತ್ತರಲ್ಲಿ ಒಂದು ಭಾಗ ಮೊದಲು ಕೊಟ್ಟು, ಕಾದು, ಉಳಿದದ್ದನ್ನು ಕೊಡಬಹುದು. 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹೀಗೆ ಆರಿಸಿದ 382 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನೇರವಾಗಿ ಗುಳಿಗೆ, ಇನ್ನೊಂದಕ್ಕೆ ಚರ್ಮದ ಪರೀಕ್ಷೆಯ ನಂತರ ಗುಳಿಗೆ ಕೊಟ್ಟರು. ಪ್ರತಿಕ್ರಿಯೆ ಆದದ್ದು ಪ್ರತಿ ಗುಂಪಿನಲ್ಲೂ ಒಬ್ಬರಿಗೆ.

ಇದನ್ನು ಮನೆಯಲ್ಲಿ ಮಾಡುವಂತಿಲ್ಲ. ಹಿಂದೆ ಆಘಾತ ಆಗಿದ್ದವರಿಗೆ, ಹತೋಟಿಯಿಲ್ಲದ ಉಬ್ಬಸದವರಿಗೆ, ಅಂಕ ಹೆಚ್ಚಿರುವವರಿಗೆ ಅಲರ್ಜಿ ತಜ್ಞರಿರುವ ದೊಡ್ಡ ಆಸ್ಪತ್ರೆಯೇ ಬೇಕು. ಚರ್ಮ ಸುಲಿದಂಥ ಪ್ರತಿಕ್ರಿಯೆಯವರಿಗೆ ಎಲ್ಲಿಯೂ ಬೇಡ.

ಇನ್ನೊಂದು ಎಚ್ಚರ ಹೃದ್ರೋಗಿಗಳದೇ. ಕವಾಟ ಬಹಳ ಕಿರಿದಾದವರಲ್ಲಿ, ಹೃದಯದ ಬಲ ಕುಗ್ಗಿದವರಲ್ಲಿ, ಇಂಜೆಕ್ಷನ್ನಿನ ನೋವಿನಿಂದ ಬರುವ ಮೂರ್ಛೆಯೇ ಪ್ರಾಣಕ್ಕೆ ಎರವಾಗಬಹುದು. ಇಂಥ ಎಷ್ಟೋ ಸಾವುಗಳು ಅಲರ್ಜಿಯ ಲೆಕ್ಕಕ್ಕೆ ಸೇರಿಹೋಗಿರಬಹುದೆಂದು ಅಮೆರಿಕದ ಹೃದ್ರೋಗ ಸಂಘ 2022ರಲ್ಲಿ ಎಚ್ಚರಿಸಿತು. ಅಂಥವರಿಗೆ ಬಾಯಿಯ ಪೆನಿಸಿಲಿನ್ ಮೇಲು ಎಂದಿತು. ಕೆಂಪು ಸಾಲು ಸುಳ್ಳಾಗಿದ್ದರೂ ಅದನ್ನು ಪರಿಶೀಲಿಸದಿದ್ದರೆ, ಈ ದಾರಿಯೂ ಅವರಿಗೆ ಮುಚ್ಚಿರುತ್ತದೆ.

ಮಿಕ್ಕವರಿಗೆ ಮೂರ್ಛೆ ತಪ್ಪಿಸುವುದು ಕಷ್ಟವಲ್ಲ. ತಿಂಡಿ ತಿಂದು, ನೀರು ಕುಡಿದು ಬರಲು ಹೇಳಿ. ನಿಲ್ಲಿಸಿ ಚುಚ್ಚಬೇಡಿ, ಮಲಗಿಸಿ ಚುಚ್ಚಿ. ಔಷಧವನ್ನು ಕೋಣೆಯ ಬಿಸಿಗೆ ತಂದು ನಿಧಾನವಾಗಿ ಬಿಡಿ. ಹದಿನೈದು ನಿಮಿಷ ಎದ್ದು ಹೋಗದಂತೆ ನೋಡಿಕೊಳ್ಳಿ.

ಪರೀಕ್ಷೆಯಲ್ಲಿ ಅಲರ್ಜಿ ಇಲ್ಲವೆಂದು ಕಂಡ ದಿನ ಕೆಲಸ ಮುಗಿಯುವುದಿಲ್ಲ. ಹಳೆಯ ಚೀಟಿಯೊಂದು ಉಳಿದಿದ್ದರೂ ಸಾಲು ಅದರಿಂದ ಮತ್ತೆ ನಕಲಾಗಿ ಬರುತ್ತದೆ.

ಆದ್ದರಿಂದ ಯಾವ ಔಷಧ, ಎಷ್ಟು ಮಿಲಿಗ್ರಾಂ, ಯಾವ ದಿನಾಂಕ, ಎಷ್ಟು ಹೊತ್ತು ಗಮನಿಸಿದರು ಎಂದು ಬರೆಸಿ, ವೈದ್ಯರ ಸಹಿ ಹಾಕಿಸಿಕೊಳ್ಳಿ. ಒಂದು ಪ್ರತಿ ಆಸ್ಪತ್ರೆಯ ಕಡತಕ್ಕೆ, ಒಂದು ಊರಿನ ವೈದ್ಯರಿಗೆ, ಒಂದು ಮನೆಯಲ್ಲಿ. ಹಳೆಯ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಪರೀಕ್ಷಿಸಲಾಗಿದೆ, ಪೆನಿಸಿಲಿನ್ ಕೊಡಬಹುದು’ ಎಂದು ಬರೆಯುವವರೆಗೆ ಅಲ್ಲಿಂದ ಏಳಬೇಡಿ.